ಮಗಳು ಯಾವಾಗಲೋ ಒತ್ತಿದ ‘ಬೇಡ’

ಕಳೆದ ಶನಿವಾರ ಮಗಳ ಆನ್‌ಲೈನ್ ಕನ್ನಡ ಕ್ಲಾಸಿನಲ್ಲಿ ಅವಳ ಮುಖ ಕಾಣುತ್ತಿತ್ತು, ದನಿ ಮಾತ್ರ ಯಾರಿಗೂ ಕೇಳುತ್ತಿರಲಿಲ್ಲ. “ಪುಟ್ಟಾ, ಮ್ಯೂಟ್ ತೆಗಿ” ಎಂದು ಟೀಚರ್ ಮೂರು ಸಲ ಹೇಳಿದರು. ಮ್ಯೂಟ್ ತೆಗೆದೇ ಇತ್ತು. ನಾನು ಹೆಡ್‌ಫೋನ್ ಕಿತ್ತು ಹಾಕಿದೆ, ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದೆ. ಅಷ್ಟರಲ್ಲಿ ಅವಳು ಓದಬೇಕಿದ್ದ ಪಾಠದ ಸರದಿ ಮುಗಿದುಹೋಯಿತು. ವಾರಕ್ಕೊಮ್ಮೆ ಮನೆಯ ಹೊರಗಿನವರೊಡನೆ ಕನ್ನಡ ಮಾತಾಡುವ ಮುಕ್ಕಾಲು ಗಂಟೆ ಅದು. ಹುಡುಗಿ ಅತ್ತೇಬಿಟ್ಟಳು.

ಕಾರಣ ಕೊನೆಗೂ ಸಿಕ್ಕಿತು. ಕ್ರೋಮ್‌ನಲ್ಲಿ ಸೈಟಿನ ವಿಳಾಸದ ಎಡಕ್ಕೆ ಒಂದು ಪುಟ್ಟ ಐಕಾನ್ ಇರುತ್ತದಲ್ಲ, ಅದನ್ನು ಒತ್ತಿದರೆ ಮೈಕ್ರೊಫೋನ್ ಎದುರಿನ ಸ್ವಿಚ್ ಆಫ್ ಆಗಿತ್ತು. ಹಿಂದೆಂದೋ ಆ ಸೈಟು ಮೈಕ್ ಕೇಳಿದಾಗ ಮಗಳು ಬೇಡ ಎಂದು ಒತ್ತಿದ್ದಾಳೆ. ಬ್ರೌಸರ್ ಅದನ್ನು ಶ್ರದ್ಧೆಯಿಂದ ನೆನಪಿಟ್ಟುಕೊಂಡು, ಮತ್ತೆ ಕೇಳದೆ ಸುಮ್ಮನೆ ಬಾಗಿಲು ಮುಚ್ಚಿದೆ.

‘ಬೇಡ’ ಇಷ್ಟು ಚೆನ್ನಾಗಿ ನೆನಪಿದ್ದರೆ ‘ಆಗಲಿ’ ಎಂದವು ಎಷ್ಟಿರಬಹುದು? ಮಕ್ಕಳು ಮಲಗಿದ ಮೇಲೆ ಪಟ್ಟಿ ತೆಗೆದು ಕೂತೆ. ನೋಡುವುದು ಸುಲಭ. ವಿಳಾಸದ ಜಾಗದಲ್ಲಿ ಇವನ್ನು ಒಂದೊಂದಾಗಿ ಟೈಪ್ ಮಾಡಿ:

```
chrome://settings/content/camera
chrome://settings/content/microphone
chrome://settings/content/location
```

ಪ್ರತಿ ಪುಟದಲ್ಲೂ ಬೇಡ ಎಂದ ಸೈಟುಗಳು ಒಂದು ಕಡೆ, ಒಪ್ಪಿದವು ಇನ್ನೊಂದು ಕಡೆ. ನಾಲ್ಕು ವರ್ಷ ನಾನು ಬಳಸಿ ಮಗಳಿಗೆ ದಾಟಿಸಿದ ಲ್ಯಾಪ್‌ಟಾಪ್ ಇದು. ಕ್ಯಾಮೆರಾಕ್ಕೆ ಒಪ್ಪಿಗೆ ಪಡೆದವು 11, ಮೈಕಿಗೆ 14, ನಾವಿರುವ ಜಾಗ ತಿಳಿಯಲು 9. ಹಿಂದಿನ ಊರಿನ ಹಲ್ಲಿನ ಡಾಕ್ಟರರ ವಿಡಿಯೊ ಪುಟ, ನಾನು ಒಮ್ಮೆ ಮಾತ್ರ ಭಾಗವಹಿಸಿದ ಸಮ್ಮೇಳನಗಳು, ಬಾಡಿಗೆ ಮನೆ ಹುಡುಕುವ ಎರಡು ಸೈಟು, ಹುಟ್ಟುಹಬ್ಬದ ಫೋಟೊಗೆ ಚೌಕಟ್ಟು ಹಾಕುವ ಯಾವುದೋ ಒಂದು. ಮಗು ಗಟ್ಟಿಯಾಗಿ ಓದಿದ್ದನ್ನು ಕೇಳಿಸಿಕೊಂಡು ನಕ್ಷತ್ರ ಕೊಡುವ ಕಥೆಯ ಸೈಟು ಮೈಕಿನ ಜೊತೆಗೆ ಕ್ಯಾಮೆರಾವನ್ನೂ ಪಡೆದಿತ್ತು. ಕಥೆ ಓದಲು ಕ್ಯಾಮೆರಾ ಯಾಕೆ ಬೇಕು, ಕೇಳಿದವರನ್ನೇ ಕೇಳಬೇಕು.

ಗಾಬರಿ ಬೇಡ. ಒಪ್ಪಿಗೆ ಇದ್ದ ಮಾತ್ರಕ್ಕೆ ಆ ಸೈಟು ಹಗಲುರಾತ್ರಿ ನಮ್ಮನ್ನು ನೋಡುತ್ತಿರುವುದಿಲ್ಲ. ಅದರ ಪುಟ ತೆರೆದಿರಬೇಕು. ಕ್ಯಾಮೆರಾ ನಡೆಯುತ್ತಿದ್ದರೆ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಪಕ್ಕದ ದೀಪ ಹೊತ್ತುತ್ತದೆ. ಮೈಕಿಗೆ ಅಂಥ ದೀಪ ಸಾಮಾನ್ಯವಾಗಿ ಇರುವುದಿಲ್ಲ, ಟ್ಯಾಬಿನ ಮೇಲಿನ ಗುರುತನ್ನು ನೋಡಿಯೇ ತಿಳಿಯಬೇಕು. ನನ್ನನ್ನು ಕಾಡಿದ್ದು ಬೇರೆ. ಬ್ರೌಸರ್ ಒಪ್ಪಿಗೆಯನ್ನು ಬರೆದಿಟ್ಟುಕೊಳ್ಳುವುದು ಸೈಟಿನ ವಿಳಾಸದ ಹೆಸರಿಗೆ, ಅದನ್ನು ನಡೆಸುವವರ ಹೆಸರಿಗಲ್ಲ. ಆ ಫೋಟೊ ಸೈಟಿನವರು ಅಂಗಡಿ ಮುಚ್ಚಿ, ಅದೇ ವಿಳಾಸವನ್ನು ಮತ್ತೊಬ್ಬರು ಕೊಂಡರೆ, ನಾವು ಕೊಟ್ಟ ಒಪ್ಪಿಗೆಯೂ ವಿಳಾಸದ ಜೊತೆಗೇ ಹೋಗುತ್ತದೆ. ಬಹಳ ದಿನ ಹೋಗದ ಸೈಟುಗಳ ಒಪ್ಪಿಗೆಯನ್ನು ಕ್ರೋಮ್ ತಾನೇ ತೆಗೆಯುವ ಏರ್ಪಾಡು ಈಗ ಇದೆ, ನಿಜ. ಆದರೆ ಮಗು ವಾರಕ್ಕೆರಡು ಸಲ ಹೋಗುವ ಕಥೆಯ ಸೈಟು ಅದಕ್ಕೆ ಸಿಗುವುದಿಲ್ಲ.

ಪಟ್ಟಿಯ ಒಂದೊಂದರ ಎದುರಿಗೂ ಕಸದ ಬುಟ್ಟಿಯ ಚಿತ್ರವಿದೆ. ಒತ್ತಿದರೆ ಆ ಸೈಟು ಮೊದಲಿನ ಸ್ಥಿತಿಗೆ ಮರಳುತ್ತದೆ, ಅಂದರೆ ಮುಂದಿನ ಸಲ ಕೇಳಿಯೇ ಬಳಸಬೇಕು. ಐದಾರು ಒತ್ತುವಷ್ಟರಲ್ಲಿ ನನಗೆ ತಕರಾರು ಶುರುವಾಯಿತು: ಇದು ಬೇಕಾಗಬಹುದೇನೋ, ಅದು ಇರಲಿ ಬಿಡು. ಲ್ಯಾಬಿನಲ್ಲಿ ಉಪಕರಣದ ಅಳತೆ ಕೆಟ್ಟಿದೆ ಅನ್ನಿಸಿದರೆ ನಾವು ಅಲ್ಲಲ್ಲಿ ತಿದ್ದುವುದಿಲ್ಲ, ಸೊನ್ನೆಗೆ ತಂದು ಮತ್ತೆ ಶುರು ಮಾಡುತ್ತೇವೆ. ಇಲ್ಲೂ ಅದೇ ಲೇಸು ಅನ್ನಿಸಿತು.

ಹಾಗೆಂದು ನೇರ ಒರೆಸಬೇಡಿ. ಮೊದಲು ನಿಜವಾಗಿ ಬೇಕಾದವನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಮ್ಮದು ಮೂರೇ ಆಯಿತು: ಕನ್ನಡ ಕ್ಲಾಸು, ಶಾಲೆಯ ಪುಟ, ಶಿವಮೊಗ್ಗದ ಅಜ್ಜಿಯೊಡನೆ ಮಾತಾಡುವ ಸೈಟು. ನಂತರ ಬೇರೆ ಟ್ಯಾಬುಗಳನ್ನು ಮುಚ್ಚಿ ಇಲ್ಲಿಗೆ ಹೋಗಿ:

```
chrome://settings/clearBrowserData
```

ಕಾಲಾವಧಿಯನ್ನು All time ಮಾಡಿ. ಪಟ್ಟಿಯಲ್ಲಿ Site settings ಎಂಬುದೊಂದಕ್ಕೆ ಮಾತ್ರ ಗುರುತು ಹಾಕಿ, ಉಳಿದ ಎಲ್ಲದರ ಗುರುತು ತೆಗೆಯಿರಿ. ಅದು ಮೊದಲ ನೋಟಕ್ಕೆ ಕಾಣದಿದ್ದರೆ Advanced ಅಥವಾ More ಒಳಗಿರುತ್ತದೆ. ಉಳಿದ ಗುರುತು ತೆಗೆಯುವುದನ್ನು ಮರೆಯಬೇಡಿ. ಕುಕೀಗಳ ಗುರುತು ಹಾಗೇ ಉಳಿದರೆ ಹೆಚ್ಚಿನ ಸೈಟುಗಳಿಂದ ಲಾಗ್‌ಔಟ್ ಆಗಿ, ಶಾಲೆಯ ಪಾಸ್‌ವರ್ಡ್ ಹುಡುಕುತ್ತ ಕೂರುತ್ತೀರಿ.

ಈ ಗುಂಡಿ ಕ್ಯಾಮೆರಾ, ಮೈಕ್, ಜಾಗ ಈ ಮೂರನ್ನೇ ಆರಿಸಿ ಒರೆಸುವುದಿಲ್ಲ. ಸೈಟುಗಳ ಬಗ್ಗೆ ನೀವು ಮಾಡಿಟ್ಟ ಎಲ್ಲ ತೀರ್ಮಾನವೂ ಹೋಗುತ್ತದೆ. ನೋಟಿಫಿಕೇಷನ್ ಬೇಡ ಎಂದು ತಡೆದಿದ್ದ ಸೈಟುಗಳು ಮತ್ತೆ ಕೇಳಲು ಬರುತ್ತವೆ. ಕನ್ನಡ ಕಥೆಗಳ ಪುಟದ ಅಕ್ಷರವನ್ನು ನಾನು 150 ಪ್ರತಿಶತಕ್ಕೆ ಹಿಗ್ಗಿಸಿಟ್ಟಿದ್ದೆ, ಒತ್ತಕ್ಷರ ಮಗಳ ಕಣ್ಣಿಗೆ ಸ್ಪಷ್ಟವಾಗಿ ಕಾಣಲಿ ಎಂದು. ಅದೂ ಮೊದಲಿನ ಅಳತೆಗೆ ಬಂತು. ಮತ್ತೆ ಮಾಡಿಕೊಂಡೆ, ದೊಡ್ಡ ವಿಷಯವಲ್ಲ. ಇಷ್ಟೂ ಬೇಡ ಎನ್ನುವವರಿಗೆ ಫೈರ್‌ಫಾಕ್ಸ್ ವಾಸಿ: Privacy & Security ಪುಟದ Permissions ಭಾಗದಲ್ಲಿ ಕ್ಯಾಮೆರಾ, ಮೈಕ್, ಜಾಗಕ್ಕೆ ಬೇರೆ ಬೇರೆ ಪಟ್ಟಿ ಇದೆ, ಒಂದೊಂದರಲ್ಲೂ Remove All Websites ಗುಂಡಿ ಇದೆ. ಒತ್ತಿದ ಮೇಲೆ Save Changes ಒತ್ತದೆ ಬಂದರೆ ಏನೂ ಬದಲಾಗಿರುವುದಿಲ್ಲ.

ಒರೆಸಿದ ಮೇಲೆ ಆ ಮೂರು ಪುಟಗಳನ್ನು ಮತ್ತೆ ತೆರೆದು ನೋಡಿ, ಖಾಲಿ ಇರಬೇಕು. ಆಮೇಲೆ ಕಾಗದದಲ್ಲಿ ಬರೆದ ಸೈಟುಗಳಿಗೆ ಒಂದೊಂದಾಗಿ ಹೋಗಿ, ಕ್ಲಾಸಿನ ಹಿಂದಿನ ದಿನವೇ. ಪ್ರಶ್ನೆ ಬಂದರೆ ಸರಿಯಾಗಿದೆ. ಪ್ರಶ್ನೆಯೇ ಬರದೆ ಕ್ಯಾಮೆರಾ ಕಪ್ಪಾಗಿದ್ದರೆ, ಅದೇ ಪುಟಗಳ ಮೇಲ್ಭಾಗದಲ್ಲಿ ಯಾವ ಸೈಟೂ ಕೇಳಬಾರದು ಎಂಬ ಆಯ್ಕೆ ಇದೆಯೇ ನೋಡಿ. ಪ್ರಶ್ನೆ ಬಂದು, ಒಪ್ಪಿದರೂ ಆಗದಿದ್ದರೆ ತಡೆ ಬಹುಶಃ ಬ್ರೌಸರಿನದಲ್ಲ. ವಿಂಡೋಸ್ ಮತ್ತು ಮ್ಯಾಕ್ ಎರಡರ ಸೆಟ್ಟಿಂಗ್ಸ್‌ನಲ್ಲೂ Privacy & Security ಒಳಗೆ ಕ್ಯಾಮೆರಾ, ಮೈಕಿನ ಪ್ರತ್ಯೇಕ ಅನುಮತಿ ಇದೆ. ಅಲ್ಲಿ ಬ್ರೌಸರಿಗೇ ಬೇಡ ಎಂದಿದ್ದರೆ ಸೈಟಿಗೆ ಆಗಲಿ ಎಂದು ಪ್ರಯೋಜನವಿಲ್ಲ.

ಜಾಗದ ವಿಷಯದಲ್ಲಿ ಮಗಳ ಪ್ರೊಫೈಲಿಗೆ ನಾನು ಯಾರೂ ಕೇಳಬಾರದು ಎಂದೇ ಇಟ್ಟೆ. ಸುತ್ತಲಿನ ವೈಫೈ ನೋಡಿಯೇ ಲ್ಯಾಪ್‌ಟಾಪ್ ನಮ್ಮ ಬೀದಿಯನ್ನು ಗುರುತಿಸಬಲ್ಲದು. ಅವಳ ಯಾವ ಪಾಠಕ್ಕೂ ಅದು ಬೇಕಿಲ್ಲ. ಹೀಗೆ ತಡೆದರೂ ಇಂಟರ್‌ನೆಟ್ ವಿಳಾಸದಿಂದ ಊರು ಯಾವುದೆಂದು ಸೈಟು ಊಹಿಸಬಹುದು. ಹಾಗೆಯೇ, ಕಥೆಯ ಸೈಟು ಈಗಾಗಲೇ ದನಿ ಮುದ್ರಿಸಿ ಇಟ್ಟುಕೊಂಡಿದ್ದರೆ ಅದು ಇಲ್ಲಿ ಒರೆಸಿದ್ದರಿಂದ ಅಳಿಯುವುದಿಲ್ಲ. ಅದಕ್ಕೆ ಅವರಿಗೇ ಬರೆದು ಅಳಿಸಿ ಎನ್ನಬೇಕು. ನಾನು ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಫೋನಿನ ಬ್ರೌಸರಿನ ಪಟ್ಟಿ ಬೇರೆ, ಯಜಮಾನರ ಪ್ರೊಫೈಲಿನದು ಬೇರೆ. ಆ್ಯಪ್‌ನಲ್ಲಿ ಕರೆ ಮಾಡುವವರು ಫೋನಿನ ಸೆಟ್ಟಿಂಗ್ಸ್‌ನಲ್ಲೇ ನೋಡಬೇಕು.

ಈಗ ಪ್ರಶ್ನೆ ಬಂದಾಗ ಒತ್ತುವವಳು ಮಗಳೇ. ಕ್ರೋಮ್ ಮೂರು ಆಯ್ಕೆ ಕೊಡುತ್ತದೆ: ಸೈಟಿಗೆ ಬಂದಾಗಲೆಲ್ಲ, ಈ ಸಲ ಮಾತ್ರ, ಬೇಡ. ಅಲ್ಲಿನ ಇಂಗ್ಲಿಷನ್ನು ಅವಳು ಸರಾಗವಾಗಿ ಓದುತ್ತಾಳೆ, ಆದರೆ ಅರ್ಥ ಕೂತಿದ್ದು ಕನ್ನಡದಲ್ಲಿ ಹೇಳಿದಾಗಲೇ. “ಮೊದಲನೆಯದು ಅಜ್ಜಿಗೆ ಮನೆ ಕೀಲಿ ಕೊಟ್ಟ ಹಾಗೆ. ಎರಡನೆಯದು ಪಾರ್ಸೆಲ್ ತಂದವರಿಗೆ ಬಾಗಿಲು ತೆಗೆದ ಹಾಗೆ” ಎಂದೆ. ನಿನ್ನೆ ಕಥೆಯ ಸೈಟು ಮತ್ತೆ ಕ್ಯಾಮೆರಾ ಕೇಳಿತಂತೆ. ಅಡುಗೆಮನೆಗೆ ಬಂದು, “ಅಮ್ಮಾ, ಪಾರ್ಸೆಲ್ ಏನೂ ಬಂದಿಲ್ಲವಲ್ಲ, ಬೇಡ ಅಂತ ಒತ್ತಿದೆ” ಎಂದಳು.