ದೊಡ್ಡ ಗೇಟ್ ಇಲ್ಲ ಅಂತ ಲೆಕ್ಕ ಹಾಕಿ

ದೀಪಾವಳಿ ಮುಗೀತು ಅಂದ್ರೆ ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳ ಕಾಲ. ಊರಲ್ಲಿರೋ ಹುಡುಗರು ಓಡಾಡ್ತಾರೆ, ಬೆಂಗಳೂರಲ್ಲಿರೋ ನಮ್ಮಂಥವರು ವಾಟ್ಸಾಪ್ ಗ್ರೂಪಲ್ಲಿ ಲೆಕ್ಕ ಬರೀತೀವಿ. ಬಹುಮಾನಕ್ಕೆ ಇಷ್ಟು, ಲೈಟಿಗೆ ಇಷ್ಟು, ಮೈಕ್‌ಸೆಟ್ಟಿಗೆ ಇಷ್ಟು ಅಂತ ಎಲ್ಲಾ ಇರುತ್ತೆ. ಒಂದೇ ಒಂದು ಸಂಖ್ಯೆ ಮಾತ್ರ ಯಾವ ಪಟ್ಟಿಯಲ್ಲೂ ಇರಲ್ಲ: ಈ ಮೈದಾನ ಎಷ್ಟು ಜನರನ್ನ ಹಿಡಿಯುತ್ತೆ? ಕೇಳಿದ್ರೆ ಬರೋ ಉತ್ತರ, 'ಎಷ್ಟು ಬಂದ್ರೂ ಹಿಡಿಯುತ್ತೆ ಬಿಡಪ್ಪಾ.'

ಹಾಗಿಲ್ಲ. ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆ ಅಂತಲೇ ಒಂದು ಕೈಪಿಡಿ ಇದೆ, ಎಲ್ಲರೂ ಅದನ್ನ 'ಗ್ರೀನ್ ಗೈಡ್' ಅಂತಾರೆ. ಅದರ ಮೂಲ ಸೂತ್ರ ಸರಳ. ಒಂದು ಗಂಟೆಯಲ್ಲಿ ಎಷ್ಟು ಜನ ಒಳಗೆ ಬರಬಹುದು, ಒಳಗೆ ಎಷ್ಟು ಜನ ನಿಲ್ಲಬಹುದು, ಅವಸರದಲ್ಲಿ ಎಷ್ಟು ಜನ ಹೊರಗೆ ಹೋಗಬಹುದು, ಈ ಮೂರನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು. ಮೂರರಲ್ಲಿ ಯಾವುದು ಚಿಕ್ಕದೋ ಅದೇ ಮೈದಾನದ ಸಾಮರ್ಥ್ಯ.

ಒಂದು ಮಾಮೂಲಿ ಹೈಸ್ಕೂಲ್ ಮೈದಾನ ಇಟ್ಕೊಂಡು ನೋಡೋಣ. ಸುತ್ತ ಕಾಂಪೌಂಡ್, ಮುಂದೆ 3 ಮೀಟರ್ ಅಗಲದ ದೊಡ್ಡ ಗೇಟ್, ಹಿಂದೆ 1.2 ಮೀಟರಿನ ಚಿಕ್ಕ ಗೇಟ್. ನಡುವೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ. ಅದರ ಎರಡೂ ಬದಿಗೆ ಜನ ನಿಲ್ಲೋಕೆ 30 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ. ಒಟ್ಟು 600 ಚದರ ಮೀಟರ್. ಗ್ರೀನ್ ಗೈಡ್ ಪ್ರಕಾರ ನಿಂತು ನೋಡೋ ಜಾಗದಲ್ಲಿ 10 ಚದರ ಮೀಟರಿಗೆ ಹೆಚ್ಚೆಂದರೆ 47 ಜನ. ಆದರೆ ಅದು ಮೆಟ್ಟಿಲು, ಗಟ್ಟಿ ಕಂಬಿ ಎಲ್ಲಾ ಇರೋ ಸ್ಟೇಡಿಯಂ ಮಾತು. ಸರ್ವೆ ಕಂಬಕ್ಕೆ ಹಗ್ಗ ಕಟ್ಟಿರೋ ಮಣ್ಣಿನ ನೆಲದಲ್ಲಿ ನಾನು ಚದರ ಮೀಟರಿಗೆ ಇಬ್ಬರು ಅಂತ ಹಿಡೀತೀನಿ. ಅಲ್ಲಿಗೆ 1,200 ಜನ.

ಈಗ ಹೊರಗೆ ಹೋಗೋ ಲೆಕ್ಕ. ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ 82 ಜನ ಹೋಗಬಹುದು, ಎಲ್ಲರೂ ಹೊರಗೆ ಬರೋಕೆ 8 ನಿಮಿಷಕ್ಕಿಂತ ಹೆಚ್ಚಾಗಬಾರದು ಅನ್ನೋದು ಅದೇ ಕೈಪಿಡಿಯ ಅಳತೆ. ಎರಡೂ ಗೇಟ್ ತೆರೆದಿದ್ರೆ 1,200 ಜನ ನಾಲ್ಕು ನಿಮಿಷದೊಳಗೆ ಖಾಲಿ. ಚೆನ್ನಾಗಿದೆ ಅನ್ಸುತ್ತೆ ಅಲ್ವಾ? ಇಲ್ಲೇ ನೋಡಬೇಕಾದ್ದು. ತುರ್ತು ಯೋಜನೆ ಮಾಡುವಾಗ ಅತಿ ದೊಡ್ಡ ಗೇಟ್ ಕೆಲಸಕ್ಕೆ ಬರಲ್ಲ ಅಂತಲೇ ಹಿಡಿದು ಲೆಕ್ಕ ಹಾಕಬೇಕು. ಯಾಕಂದ್ರೆ ಜನರೇಟರಿಗೆ ಬೆಂಕಿ ಬಿದ್ದರೆ ಅದು ಆ ಗೇಟಿನ ಪಕ್ಕದಲ್ಲೇ ಇರಬಹುದು, ಜಗಳ ಆದರೆ ಅಲ್ಲೇ ಆಗಬಹುದು. ಆಗ ಉಳಿಯೋದು 1.2 ಮೀಟರಿನ ಹಿಂದಿನ ಗೇಟ್ ಮಾತ್ರ. ನಿಮಿಷಕ್ಕೆ 98 ಜನ. 8 ನಿಮಿಷಕ್ಕೆ 787. ಅಂದ್ರೆ ಇಷ್ಟು ದೊಡ್ಡ ಮೈದಾನದ ನಿಜವಾದ ಸಾಮರ್ಥ್ಯ 800 ಕೂಡ ಇಲ್ಲ.

ಇದಕ್ಕೆ ಮದ್ದು ದುಬಾರಿಯೇನಲ್ಲ. ಶಾಲೆಯವರ ಒಪ್ಪಿಗೆ ಕೇಳಿ, ಕಾಂಪೌಂಡಿನಲ್ಲಿ ತಂತಿ ಬೇಲಿ ಇರೋ ಕಡೆ 2 ಮೀಟರ್ ಬಿಚ್ಚಿಸಿದರೆ ಸಾಕು. ದೊಡ್ಡ ಗೇಟ್ ಬಿಟ್ಟರೂ 3.2 ಮೀಟರ್ ದಾರಿ ಸಿಗುತ್ತೆ, 1,200 ಜನ ಐದು ನಿಮಿಷದೊಳಗೆ ಹೊರಗೆ. ಆದರೆ ಗೇಟಿನ ಬಾಯಲ್ಲಿ ನಾಲ್ಕು ಬೈಕ್, ಒಂದು ಗೋಬಿ ಗಾಡಿ ನಿಂತರೆ ಈ ಲೆಕ್ಕವೆಲ್ಲ ಮಣ್ಣುಪಾಲು. ಅಗಲ ಅಳೆಯಬೇಕಾದ್ದು ಮಧ್ಯಾಹ್ನ ಅಲ್ಲ, ರಾತ್ರಿ ಎಂಟು ಗಂಟೆಗೆ.

ಒಳಗೆ ಬರೋ ಲೆಕ್ಕಕ್ಕೆ ಸ್ಟಾಪ್‌ವಾಚ್ ಬೇಕು. ಒಂದು ಸಾಲಿನಲ್ಲಿ ಟಿಕೆಟ್ ನೋಡಿ, ಚೀಲ ನೋಡಿ ಬಿಡೋಕೆ ಆರು ಸೆಕೆಂಡ್ ಹಿಡಿದರೆ ನಿಮಿಷಕ್ಕೆ ಹತ್ತು ಜನ. ಎರಡು ಸಾಲಿಗೆ ಗಂಟೆಗೆ 1,200. ಕಾಗದದ ಮೇಲೆ ಸರಿಹೋಯ್ತು, ಆದರೆ ಜನ ಗಂಟೆ ಪೂರ್ತಿ ಹಂಚಿಕೊಂಡು ಬರಲ್ಲ. ಊಟ ಮುಗಿಸಿ ಕೊನೇ ಇಪ್ಪತ್ತು ನಿಮಿಷಕ್ಕೆ 800 ಜನ ಬಂದರೆ ಒಳಗೆ ಹೋಗೋದು 400, ಉಳಿದ 400 ಗೇಟಿಗೆ ಒತ್ತುತ್ತಾರೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 11 ಜನ ಸತ್ತಿದ್ದು ಪೆವಿಲಿಯನ್‌ನಲ್ಲಿ ಅಲ್ಲ, ಗೇಟುಗಳ ಬಳಿ. ಅದಕ್ಕೇ ಸಾಲು ಗೇಟಿಗೆ ಅಂಟಿಕೊಂಡು ಶುರುವಾಗಬಾರದು. ಹದಿನೈದು ಮೀಟರ್ ಹಿಂದೆಯೇ ಒಬ್ಬರು ನಿಂತು, ಸ್ವಲ್ಪ ಸ್ವಲ್ಪ ಜನರನ್ನ ಬಿಡಬೇಕು. ಎಣಿಸೋಕೆ ಯಂತ್ರ ಬೇಕಿಲ್ಲ, ಜಪಕ್ಕೆ ಬೆರಳಿಗೆ ಹಾಕ್ಕೊಳ್ಳೋ ಕೌಂಟರ್ ಸಾಕು. ಟಿಕೆಟ್ ಇಲ್ಲದ ಪಂದ್ಯಕ್ಕೂ ಎಣಿಕೆ ಬೇಕೇ ಬೇಕು.

ಇನ್ನು ಎರಡೂರ ಬೆಂಬಲಿಗರ ವಿಷಯ. ಫೈನಲ್ ದಿನ ಎರಡು ತಮಟೆ ತಂಡಗಳು ಪಕ್ಕಪಕ್ಕ ನಿಂತರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಅಂಕಣದ ಆ ಕಡೆ ಒಂದೂರು, ಈ ಕಡೆ ಒಂದೂರು ಇರಲಿ. ನೀರು, ಶೌಚಾಲಯ, ಬೈಕ್ ಪಾರ್ಕಿಂಗ್ ಎರಡೂ ಕಡೆ ಇದ್ದರೆ ಯಾರೂ ಇನ್ನೊಬ್ಬರ ಮಧ್ಯೆ ಹಾದುಹೋಗಬೇಕಿಲ್ಲ. ಎಷ್ಟೋ ಜಗಳ ಶುರುವಾಗೋದು ಪಂದ್ಯಕ್ಕೆ ಅಲ್ಲ, ನೀರಿಗೆ ಹೋಗುವಾಗ ತಗುಲಿದ ಭುಜಕ್ಕೆ.

ಆದರೆ ಬೇರೆ ಮಾಡೋ ಬೇಲಿಯೇ ಬೋನು ಆಗಬಾರದು. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ ಆಗಿದ್ದು ಇದೇ. ಹೊರಗಿನ ಒತ್ತಡ ತಡೆಯಲಾಗದೆ ಪೊಲೀಸರು ದೊಡ್ಡ ಗೇಟ್ ತೆಗೆದರು. ಒಳಗೆ ಬಂದವರ ಎದುರಿಗೆ ಕಂಡಿದ್ದು ಒಂದು ಸುರಂಗ ದಾರಿ, ಅದು ಹೋಗಿದ್ದು ಆಗಲೇ ತುಂಬಿದ್ದ ನಡುವಿನ ಎರಡು ಕಟಕಟೆಗಳಿಗೆ. ಅಕ್ಕಪಕ್ಕದ ಕಟಕಟೆಗಳಲ್ಲಿ ಜಾಗ ಇತ್ತು, ಅತ್ತ ತಿರುಗಿಸೋಕೆ ಯಾರೂ ನಿಂತಿರಲಿಲ್ಲ. ಮುಂದೆ ಎತ್ತರದ ಬೇಲಿ. ಒಟ್ಟು 97 ಜನ ಪ್ರಾಣ ಕಳೆದುಕೊಂಡರು. ಅದಕ್ಕೇ ಅಂಕಣದ ಕಡೆಯ ಬೇಲಿಯಲ್ಲಿ ಎರಡು ಕಡೆಯಾದರೂ ಕೈಯಲ್ಲೇ ಬಿಚ್ಚೋ ಗಂಟು ಇರಲಿ. ಒತ್ತಡ ಬಂದರೆ ಆಟದ ಜಾಗವೇ ಸುರಕ್ಷಿತ ಜಾಗ.

ಒತ್ತಡ ಬಂತು ಅಂತ ಗೊತ್ತಾಗೋದು ಹೇಗೆ? ವೇದಿಕೆಯ ಮೇಲಿಂದ ಮುಂದಿನ ಸಾಲಿನವರ ಕೈ ನೋಡಿ. ಚಪ್ಪಾಳೆ ಹೊಡೆಯೋಕೆ ಕೈ ಎತ್ತಲಾಗದೆ ಎದೆಗೆ ಅಡ್ಡ ಇಟ್ಟುಕೊಂಡಿದ್ದರೆ, ಗುಂಪು ಅಲೆ ಥರ ತೂಗುತ್ತಿದ್ದರೆ, ಮಕ್ಕಳನ್ನ ಬೇಲಿ ಮೇಲಿಂದ ದಾಟಿಸುತ್ತಿದ್ದರೆ ಆಟ ನಿಲ್ಲಿಸಬೇಕು. ಸ್ಕೋರ್ ಎಷ್ಟೇ ಇರಲಿ. ಆಗ ಹಿಂದಿನವರಿಗೆ 'ಹಿಂದಕ್ಕೆ ಹೋಗಿ' ಅನ್ನಬೇಕೇ ಹೊರತು ಮುಂದಿನವರಿಗಲ್ಲ, ಮುಂದಿನವರ ಕೈಲಿ ಏನೂ ಇರಲ್ಲ.

ನಿಲ್ಲಿಸೋ ಅಧಿಕಾರ ಒಬ್ಬರದೇ ಆಗಿರಲಿ, ಅವರು ಅಂಪೈರೂ ಅಲ್ಲ, ಬಹುಮಾನ ಕೊಟ್ಟ ಅಧ್ಯಕ್ಷರೂ ಅಲ್ಲ. ಕರೆಂಟ್ ಹೋದರೆ ಮೈಕ್‌ಸೆಟ್ಟೂ ಸತ್ತಿರುತ್ತೆ, ಹಾಗಾಗಿ ಅವರ ಕೈಲಿ ಬ್ಯಾಟರಿಯ ಮೆಗಾಫೋನ್, ಪ್ರತಿ ಗೇಟಿಗೂ ಬ್ಯಾಟರಿ ಲೈಟ್ ಬೇಕು. 108 ಆಂಬುಲೆನ್ಸ್ ಯಾವ ದಾರಿಯಲ್ಲಿ ಬರುತ್ತೆ ಅಂತ ಮೊದಲೇ ಗೊತ್ತು ಮಾಡಿ, ಆ ದಾರಿ ಜನ ಹೊರಗೆ ಹೋಗೋ ದಾರಿ ಆಗಿರಬಾರದು.

ಗೇಟಿಗೆ ಬೀಗ ಹಾಕಿ ಕೀಲಿ ಜೇಬಲ್ಲಿಟ್ಟುಕೊಂಡು ಮ್ಯಾಚ್ ನೋಡೋಕೆ ಹೋಗೋದನ್ನ ಮಾತ್ರ ಯಾರಿಗೂ ಬಿಡಬೇಡಿ. 1985ರಲ್ಲಿ ಬ್ರಾಡ್‌ಫರ್ಡ್ ಮೈದಾನದಲ್ಲಿ ಬೆಂಕಿ ಬಿದ್ದಾಗ 56 ಜನ ಸತ್ತರು. ಹಿಂದಿನ ಬಾಗಿಲುಗಳ ಕಡೆ ಓಡಿದವರಿಗೆ ಸಿಕ್ಕಿದ್ದು ಬೀಗ. ಬೀಗದ ಬದಲು ಪ್ರತಿ ಗೇಟಿಗೂ ಒಬ್ಬ ಹುಡುಗ ಬೇಕು. ಅವನಿಗೆ ಆಟ ಕಾಣಲ್ಲ ನಿಜ, ಅರ್ಧ ಗಂಟೆಗೊಮ್ಮೆ ಬದಲಾಯಿಸಿ. ಬೆನ್ನು ಅಂಕಣದ ಕಡೆ, ಮುಖ ಗೇಟಿನ ಕಡೆ, ಕೈ ಚಿಲಕದ ಮೇಲೆ.