ಉಯಿಲು ರದ್ದಾದರೆ ಅಮ್ಮನನ್ನು ಎಬ್ಬಿಸಿ ನಡೆಸುವವರು ಯಾರು?

ಬೆಳಗಾವಿಯ ಬಿಮ್ಸ್ ಆಸ್ಪತ್ರೆಯೊಂದರಲ್ಲೇ ನೂರೈವತ್ತಕ್ಕೂ ಹೆಚ್ಚು ವೃದ್ಧರನ್ನು ಮಕ್ಕಳು ಬಿಟ್ಟುಹೋಗಿದ್ದಾರೆ ಎಂಬ ಸಂಗತಿ ಹೊರಬಿದ್ದಾಗ, ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಅಂಥ ಮಕ್ಕಳ ಹೆಸರಿಗೆ ಆಗಿರುವ ಉಯಿಲು ಮತ್ತು ಆಸ್ತಿ ವರ್ಗಾವಣೆಯನ್ನು ರದ್ದು ಮಾಡಿಸಬೇಕೆಂದು ಅಧಿಕಾರಿಗಳಿಗೆ ಸೂಚಿಸಿದರು. ಅದು 2025ರ ಮಾರ್ಚ್. ಮಾತಿಗೆ ಚಪ್ಪಾಳೆ ಬಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಹೆತ್ತವರನ್ನು ಬಿಟ್ಟು ಮಾಯವಾಗುವವರ ಪರವಾಗಿ ವಾದಿಸಲು ನನಗೂ ಏನೂ ಇಲ್ಲ. ಆದರೆ ಆ ದಿನದಿಂದ ಚರ್ಚೆಯ ದಿಕ್ಕೇ ತಪ್ಪಿದೆ. ಕೆಲಸಕ್ಕೆಂದು ಪುಣೆಗೋ ಹೈದರಾಬಾದಿಗೋ ಹೋದ ಮಗಳೂ ಮಗನೂ ಈಗ ಅದೇ ಕಟಕಟೆಯಲ್ಲಿ ನಿಂತಿದ್ದಾರೆ. ಮದುವೆ ಮನೆಯ ಪಂಕ್ತಿಯಿಂದ ವಿಧಾನಸೌಧದವರೆಗೆ ಎಲ್ಲರದೂ ಒಂದೇ ಪ್ರಶ್ನೆ: ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಹೋದಿರಲ್ಲ?

ಮೊದಲು ಕಾನೂನಿನ ಕೈ ಎಷ್ಟು ಉದ್ದ ಎಂದು ನೋಡೋಣ. ಉಯಿಲು ಬರೆದವರು ಬದುಕಿರುವವರೆಗೆ ಅದನ್ನು ಯಾವಾಗ ಬೇಕಾದರೂ ತಾವೇ ಬದಲಿಸಬಹುದು. ಅದಕ್ಕೆ ಸಚಿವರ ಸೂಚನೆ ಬೇಕಾಗಿಲ್ಲ. ದಾನಪತ್ರದ ಮಾತು ಬೇರೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ಮಾತಿಗೆ ತಪ್ಪಿದರೆ, 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮಿನಡಿ ಅದನ್ನು ರದ್ದು ಮಾಡಿಸಬಹುದು. ಇದು ನಿಜಕ್ಕೂ ಒಳ್ಳೆಯ ಕಲಮು. ಅದೇ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ಮಾಸಾಶನ ಕೇಳುವ ದಾರಿಯೂ ಇದೆ. ಅದರ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಮಿತಿಯನ್ನು ತೆಗೆಯುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂದಿತ್ತು, ಆದರೆ ಕಾಯ್ದೆಯಾಗಲಿಲ್ಲ. ಒಟ್ಟಿನಲ್ಲಿ ಕಾನೂನಿಗೆ ಗೊತ್ತಿರುವುದು ಆಸ್ತಿ ಮತ್ತು ದುಡ್ಡು, ಎರಡೇ. ಊರು ಬಿಟ್ಟು ದುಡಿಯುವ ಮಕ್ಕಳಲ್ಲಿ ಬಹುಪಾಲು ಜನ ದುಡ್ಡು ಕಳಿಸುತ್ತಲೇ ಇರುತ್ತಾರೆ. ಅವರ ಕೈಯಲ್ಲಿ ಇಲ್ಲದಿರುವುದು ಸಮಯ.

ಸಾಗರದ ಕಡೆಯ ಒಂದು ಅಡಿಕೆ ತೋಟದ ಮನೆಯನ್ನು ಕಲ್ಪಿಸಿಕೊಳ್ಳಿ. ಇಂಥವು ಮಲೆನಾಡಿನಲ್ಲಿ ಕೇರಿಗೆರಡು ಸಿಗುತ್ತವೆ. ಅಪ್ಪನಿಗೆ 81, ಅಮ್ಮನಿಗೆ 76. ಮಗಳು ಶಿರಸಿಯಲ್ಲಿ ಶಿಕ್ಷಕಿ. ಬೆಂಗಳೂರಿನಲ್ಲಿದ್ದ ಮಗನಿಗೆ ಬಡ್ತಿಯ ಜೊತೆ ಪುಣೆಗೆ ವರ್ಗವಾಗಿದೆ. ಮಳೆಗಾಲದ ಒಂದು ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಸೊಂಟದ ಹತ್ತಿರ ಮುರಿಯುತ್ತದೆ. ಶಿವಮೊಗ್ಗಕ್ಕೆ ಸಾಗಿಸಬೇಕು, ಆದಷ್ಟು ಒಂದೆರಡು ದಿನದೊಳಗೆ ಆಪರೇಷನ್ ಆಗಬೇಕು. ಮಗ ರಾತ್ರಿ ಬಸ್ಸು ಹಿಡಿದು ಬರುತ್ತಾನೆ, ಸಹಿ ಹಾಕುತ್ತಾನೆ, ಬಿಲ್ಲು ಕಟ್ಟುತ್ತಾನೆ. ಇಲ್ಲಿಯವರೆಗೆ ಎಲ್ಲ ಸರಿ. ನೆರೆಹೊರೆಯವರೂ ಈ ಹಂತದಲ್ಲಿ ಕೈಬಿಡುವುದಿಲ್ಲ.

ಕಷ್ಟ ಶುರುವಾಗುವುದು ಡಿಸ್ಚಾರ್ಜ್ ಆದ ಮೇಲೆ. ಆಪರೇಷನ್ ಆದ ಒಂದೆರಡು ದಿನಕ್ಕೇ ವಾಕರ್ ಹಿಡಿಸಿ ನಿಲ್ಲಿಸಲು ವೈದ್ಯರು ಹೇಳುತ್ತಾರೆ. ಮನೆಗೆ ಬಂದ ಮೇಲೆ ಅದನ್ನು ದಿನಕ್ಕೆ ಮೂರ್ನಾಲ್ಕು ಸಲ, ನೋವೆಂದು ಅಮ್ಮ ಬೈದರೂ ಬಿಡದೆ ಮಾಡಿಸಬೇಕು. ಮಲಗಿಯೇ ಇದ್ದರೆ ಸ್ನಾಯು ಸೋಲುತ್ತದೆ, ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿರುತ್ತದೆ. ರಾತ್ರಿಯೂ ಒಂದೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳಭಾಗದಲ್ಲಿ ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಅದು ಕ್ಷಣಕಾಲವೂ ಬಿಳುಚಿಕೊಳ್ಳದಿದ್ದರೆ ಒತ್ತುಹುಣ್ಣು ಆರಂಭವಾಗಿದೆ ಎಂದರ್ಥ. ಇದನ್ನು ವಿಡಿಯೊ ಕಾಲಿನಲ್ಲಿ ನೋಡಲಾಗದು. ಅಮ್ಮ ಫೋನಿನಲ್ಲಿ "ಆರಾಮಾಗಿದ್ದೇನೆ" ಎಂದೇ ಹೇಳುತ್ತಾಳೆ. ಏಜೆನ್ಸಿಯಿಂದ ಹೋಂ ನರ್ಸ್ ತರಿಸಬಹುದು, ಆದರೆ ಮನೆಯಲ್ಲೇ ಉಳಿಯುವವರ ಸಂಬಳ ತಿಂಗಳಿಗೆ 25 ಸಾವಿರದ ಆಸುಪಾಸಿಗೆ ಬಂದು ನಿಂತಿದೆ. ಕಾಯ್ದೆಯ 10,000 ರೂಪಾಯಿ ಹದಿನೈದು ದಿನಕ್ಕೂ ಸಾಲುವುದಿಲ್ಲ. ಹಣ ಕೊಟ್ಟರೂ ಹಬ್ಬ ಬಂತೆಂದರೆ ಆಕೆ ಊರಿಗೆ ಹೋಗುತ್ತಾಳೆ, ಬದಲಿ ಜನ ಬರುವುದಿಲ್ಲ.

ಹಾಗಾದರೆ ಮಗ ಕೆಲಸ ಬಿಟ್ಟು ಊರಿಗೆ ಬಂದುಬಿಡಬೇಕೆ? ಬೇಡ. ಇಂಥ ಮುರಿತದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಮೊದಲ ಮೂರು ತಿಂಗಳು. ಆ ಅವಧಿಯಲ್ಲಿ ಮನೆಯವರೊಬ್ಬರು ಪಕ್ಕದಲ್ಲಿದ್ದು ನಡೆಸಿದರೆ, ಮುಂದೆ ಬೆಳಗಿನ ಹೊತ್ತು ಬಂದುಹೋಗುವ ಒಬ್ಬ ಹೆಂಗಸು, ಬಚ್ಚಲಿಗೊಂದು ಹಿಡಿಕಂಬಿ, ಎತ್ತರದ ಕಮೋಡು, ಕರೆದರೆ ಬರುವ ಆಟೋದವನು, ಇಷ್ಟರಲ್ಲಿ ಬಹಳಷ್ಟು ಮನೆಗಳು ಸುಧಾರಿಸಿಕೊಳ್ಳುತ್ತವೆ. ಪುಣೆಯ ಕೆಲಸವೂ ಉಳಿಯುತ್ತದೆ. ಬೇಕಿರುವುದು ಮೂರು ತಿಂಗಳ ಒಂದು ಇಡಿಗಂಟು. ನಮ್ಮಲ್ಲಿ ಯಾವ ಮಾಲೀಕನೂ ಕೊಡದಿರುವುದು ಅದನ್ನೇ.

ಆಗ ಆಗುವುದೇನು? ಶಿರಸಿಯ ಮಗಳು ಸಂಬಳವಿಲ್ಲದ ರಜೆ ಹಾಕುತ್ತಾಳೆ, ಇಲ್ಲವೇ ಸೊಸೆ ತನ್ನ ಕೆಲಸ ಬಿಡುತ್ತಾಳೆ. ಮಗನ ಬಡ್ತಿಯ ಬೆಲೆ ಕಟ್ಟುವವರು ಮನೆಯ ಹೆಣ್ಣುಮಕ್ಕಳು. ಹೆತ್ತವರ ಸೇವೆಯ ಬಗ್ಗೆ ಭಾಷಣ ಮಾಡುವ ಯಾರೂ ಈ ಲೆಕ್ಕ ಹೇಳಿದ್ದನ್ನು ನಾನು ಕೇಳಿಲ್ಲ.

ಕೇಂದ್ರ ಸರ್ಕಾರಿ ನೌಕರರಿಗೆ ಹೆತ್ತವರ ಆರೈಕೆಗೆ ರಜೆ ಉಂಟೇ ಎಂಬ ಪ್ರಶ್ನೆ 2025ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಬಂದಾಗ, ವರ್ಷಕ್ಕೆ 30 ದಿನದ ಗಳಿಕೆ ರಜೆ, 20 ದಿನದ ಅರ್ಧ ವೇತನ ರಜೆ, 8 ಸಾಂದರ್ಭಿಕ ರಜೆ, 2 ನಿರ್ಬಂಧಿತ ರಜೆಗಳನ್ನು ಅದಕ್ಕೆ ಬಳಸಬಹುದು ಎಂದು ಸಚಿವ ಜಿತೇಂದ್ರ ಸಿಂಗ್ ಉತ್ತರಿಸಿದರು. ಅಂದರೆ ನಿಮ್ಮ ಜೇಬಿನಲ್ಲಿರುವುದನ್ನೇ ತೆಗೆದು ನಿಮಗೆ ತೋರಿಸಿದರು. ಅದೇ ಸರ್ಕಾರ ಮಹಿಳಾ ನೌಕರರಿಗೂ ಒಂಟಿ ತಂದೆಯರಿಗೂ ಶಿಶುಪಾಲನೆಗೆಂದೇ ಸೇವಾವಧಿಯಲ್ಲಿ 730 ದಿನ ಕೊಡುತ್ತದೆ. ಅದು ಸರಿಯಾದ ಕ್ರಮವೇ. ಮಗುವಿಗೆ ಜ್ವರ ಬಂದರೆ ಮನೆಯವರು ಬೇಕು ಎಂದು ಅರ್ಥವಾದ ವ್ಯವಸ್ಥೆಗೆ ಮೂಳೆ ಮುರಿದ ಮುದುಕಿಗೂ ಬೇಕು ಎಂದು ಅರ್ಥವಾಗಬಾರದೇಕೆ?

ಖಾಸಗಿ ಕಂಪನಿಗಳ ಕಥೆ ಇನ್ನೂ ಬಿಗಿ. ದೇಶದ ಯಾವ ಊರಿಗಾದರೂ ಕಳಿಸಬಹುದೆಂಬ ಸಾಲು ಎಷ್ಟೋ ನೇಮಕಾತಿ ಪತ್ರಗಳಲ್ಲಿ ಇರುತ್ತದೆ. ಕಂಪನಿ ಬದಲಿಸಿ ಹೋಗುವವರು ಇನ್ನೊಂದನ್ನು ಮರೆಯುತ್ತಾರೆ. ಹಳೆಯ ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅಮ್ಮ ಇದ್ದರೆ, ರಾಜೀನಾಮೆಯ ಜೊತೆಗೇ ಆ ರಕ್ಷಣೆಯೂ ಹೋಗುತ್ತದೆ. ಈ ವಯಸ್ಸಿನಲ್ಲಿ ಹೊಸ ಪಾಲಿಸಿ ಕೊಂಡರೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಗುಂಪು ವಿಮೆಯಿಂದ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ. ಕೆಲಸ ಬಿಡುವ ಮೊದಲೇ ಕೇಳಿ, ಬಿಟ್ಟ ಮೇಲೆ ಓಡಾಡಿ ಫಲವಿಲ್ಲ.

"ಅವರನ್ನೇ ಕರೆದುಕೊಂಡು ಹೋಗಿ" ಎನ್ನುವ ಸಲಹೆ ಸುಲಭ. ಮರೆವಿನ ಕಾಯಿಲೆ ಬಲಿತಿದ್ದರೆ, ಒಬ್ಬರೇ ಉಳಿದಿದ್ದರೆ, ಕರೆದುಕೊಂಡು ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊನೆ ಕೊಯ್ಲಿನ ಲೆಕ್ಕ ಬಾಯಲ್ಲೇ ಇಟ್ಟುಕೊಂಡ 81ರ ಮನುಷ್ಯನನ್ನು ಭಾಷೆ ಬಾರದ ಊರಿನ ಏಳನೇ ಮಹಡಿಯಲ್ಲಿ ಕೂರಿಸಿ, ಬೆಳಿಗ್ಗೆ ಎಂಟಕ್ಕೆ ಬಾಗಿಲೆಳೆದುಕೊಂಡು ಹೋದರೆ ಅದನ್ನು ಆರೈಕೆ ಎನ್ನಲು ನಾನು ತಯಾರಿಲ್ಲ. ಅಲ್ಲಿ ಮಗ ಹತ್ತಿರದಲ್ಲಿರುತ್ತಾನೆ, ಅಷ್ಟೇ. ಬದುಕು ದೂರವಾಗಿರುತ್ತದೆ.

ಇಷ್ಟೆಲ್ಲ ರಜೆ ಕೊಟ್ಟರೆ ಕೆಲಸ ಹೇಗೆ ನಡೆಯುತ್ತದೆ ಎಂದು ಕೇಳುವವರಿದ್ದಾರೆ. ಹೆರಿಗೆ ರಜೆ 26 ವಾರಕ್ಕೆ ಏರಿದಾಗಲೂ ಇದೇ ಮಾತು ಕೇಳಿಬಂದಿತ್ತು. ಹೆತ್ತವರ ಆರೈಕೆಗೆ ಸೇವಾವಧಿಯಲ್ಲಿ ಎರಡು ಸಲ, ವೈದ್ಯರ ಪ್ರಮಾಣಪತ್ರದ ಮೇಲೆ, ತಲಾ ತೊಂಬತ್ತು ದಿನ. ಗಂಡಸರಿಗೂ ಹೆಂಗಸರಿಗೂ ಸಮಾನವಾಗಿ. ನಾನು ಕೇಳುತ್ತಿರುವುದು ಇಷ್ಟೇ. ಗಂಡಸರಿಗೂ ಎನ್ನುವುದು ಇಲ್ಲಿ ಮುಖ್ಯ, ಇಲ್ಲದಿದ್ದರೆ ಹೊರೆ ಮತ್ತೆ ಸೊಸೆಯ ತಲೆಗೇ ಬರುತ್ತದೆ.

ಉಯಿಲಿನ ಮೇಲೆ ಕಣ್ಣಿಟ್ಟಿರುವ ರಾಜ್ಯ ಸರ್ಕಾರ ಇದನ್ನು ತನ್ನ ನೌಕರರಿಂದಲೇ ಆರಂಭಿಸಬಹುದು. 2021ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆ ಕೊಟ್ಟಾಗ ಅದು ದೆಹಲಿಯ ಅಪ್ಪಣೆಗಾಗಿ ಕಾಯಲಿಲ್ಲ, ಸರ್ಕಾರಿ ಆದೇಶ ಹೊರಡಿಸಿತು. ಇದಕ್ಕೂ ಅಂಥದೇ ಒಂದು ಆದೇಶ ಸಾಕು.