ಎಲೆಗಳು ಮತ್ತೆ ಬಿಚ್ಚಿಕೊಂಡಾಗ

ಸ್ವರ್ಣಪತ್ರ ವಿದ್ಯುದ್ದರ್ಶಕಕ್ಕೆ ಪ್ರೇರಣೆಯಿಂದ ವಿದ್ಯುದಂಶ ತುಂಬಲು ಕೆರಗೋಡಿನಂಥ ಗದ್ದೆ ಬಯಲಿನ ಊರಿನಲ್ಲಿ ಒಣಹವೆಯ ದಿನವನ್ನೇ ಆರಿಸಿಕೊಳ್ಳಬೇಕು. ತೇವವಿದ್ದರೆ ವಿದ್ಯುದಂಶ ಸೋರಿ ಎಲೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಉಣ್ಣೆಗೆ ಉಜ್ಜಿದ ಎಬೊನೈಟ್ ಕಡ್ಡಿಯಲ್ಲಿರುವುದು ಋಣ ವಿದ್ಯುದಂಶ. ಅದನ್ನು ಮೇಲಿನ ತಟ್ಟೆಗೆ ತಾಗಿಸದೆ ಹತ್ತಿರ ಹಿಡಿಯಿರಿ. ತಟ್ಟೆಯ ಎಲೆಕ್ಟ್ರಾನುಗಳು ಕೆಳಗೆ ಸರಿದು ಎಲೆಗಳು ಅಗಲುತ್ತವೆ. ಈಗ ತಟ್ಟೆಯನ್ನು ಬೆರಳಿನಿಂದ ಮುಟ್ಟಿದರೆ ಎಲೆಕ್ಟ್ರಾನುಗಳು ನಿಮ್ಮ ಮೈಯ ಮೂಲಕ ನೆಲ ಸೇರುತ್ತವೆ, ಎಲೆಗಳು ಮುಚ್ಚುತ್ತವೆ. ಕಡ್ಡಿ ಅಲ್ಲೇ ಇರಲಿ, ಮೊದಲು ಬೆರಳು ತೆಗೆಯಿರಿ. ಎಲೆಗಳು ಕದಲುವುದಿಲ್ಲ. ಆಮೇಲೆ ಕಡ್ಡಿ ಸರಿಸಿದರೆ ಅವು ಮತ್ತೆ ಬಿಚ್ಚಿಕೊಳ್ಳುತ್ತವೆ, ಈ ಸಲ ಧನ ವಿದ್ಯುದಂಶದಿಂದ. ಕಡ್ಡಿಯನ್ನೇ ಮೊದಲು ತೆಗೆದಿರೋ, ಎಲೆಕ್ಟ್ರಾನುಗಳು ಬೆರಳಿನ ದಾರಿಯಲ್ಲೇ ಮರಳಿ, ಎಲ್ಲ ವ್ಯರ್ಥ!

ಪರೀಕ್ಷಿಸಲು ಅದೇ ಕಡ್ಡಿಯನ್ನು ದೂರದಿಂದ ಮೆಲ್ಲಗೆ ತನ್ನಿ, ಎಲೆಗಳು ಕೂಡಿಕೊಳ್ಳತೊಡಗಬೇಕು. ಸರ್ರನೆ ತೀರ ಹತ್ತಿರ ತಂದರೆ ಅವು ಮುಚ್ಚಿ, ಮರುಕ್ಷಣವೇ ತೆರೆದು, ನಿಮ್ಮನ್ನು ಏಮಾರಿಸುತ್ತವೆ.